ಮೆಟ್ಟಿಲೇ ಅಡ್ಡವಾದರೆ ದೂರು ಯಾರಿಗೆ? ವಿಕಲಚೇತನರ ಆಯುಕ್ತರಿಂದ ಏನು ಸಿಗುತ್ತೆ, ಏನು ಸಿಗಲ್ಲ

ಸಾರ್ವಜನಿಕರು ಬಂದು ಹೋಗುವ ಹಳೇ ಕಟ್ಟಡಗಳನ್ನೆಲ್ಲ ವಿಕಲಚೇತನರು ಬಳಸುವಂತೆ ಸರಿಪಡಿಸಲು ಕಾನೂನು ಕೊಟ್ಟಿದ್ದು ಐದು ವರ್ಷ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರದ್ದು, ಅದರ ಕೇಂದ್ರ ನಿಯಮ ಪ್ರಕಟವಾಗಿದ್ದು 2017ರ ಜೂನ್‌ನಲ್ಲಿ. ಆ ಲೆಕ್ಕದಲ್ಲಿ 2022ರ ಜೂನ್‌ಗೆ ಗಡುವು ಮುಗಿದಿದೆ. ಆದರೂ ತಾಲೂಕು ಕೇಂದ್ರಗಳಲ್ಲಿ ಒಂದನೇ ಮಹಡಿ, ಎರಡನೇ ಮಹಡಿಯಲ್ಲಿ ಲಿಫ್ಟ್ ಇಲ್ಲದೆ ನಡೀತಿರೋ ಸರ್ಕಾರಿ ಕಚೇರಿಗಳಿಗೆ ಕೊರತೆ ಇಲ್ಲ. ಗಾಲಿಕುರ್ಚಿಯಲ್ಲಿ ಬಂದವರನ್ನು ಇಬ್ಬರು ಸೇರಿ ಎತ್ತಿಕೊಂಡು ಹೋಗೋದು ಅಲ್ಲಿ ಮಾಮೂಲಿ ದೃಶ್ಯ.

ಇಂಥದಕ್ಕೆ ದೂರು ಕೊಡೋಕೆ ರಾಜ್ಯದಲ್ಲಿ ಒಬ್ಬರು ಅಧಿಕಾರಿ ಇದ್ದಾರೆ, ರಾಜ್ಯ ವಿಕಲಚೇತನರ ಆಯುಕ್ತರು. ಕಚೇರಿ ಬೆಂಗಳೂರಿನಲ್ಲಿದೆ. ಅವರ ಹೆಸರು ಕೇಳಿದವರಲ್ಲಿ ಎರಡು ಥರದ ಜನ ಸಿಗ್ತಾರೆ. "ಅಲ್ಲಿಗೆ ಬರೆದರೆ ಆಫೀಸರ್ ಸಸ್ಪೆಂಡ್ ಆಗ್ತಾನೆ" ಅಂತ ನಂಬಿದವರು ಒಬ್ಬರು, "ಅಲ್ಲಿಗೆ ಬರೆದು ಏನೂ ಆಗಲ್ಲ ಬಿಡ್ರಿ" ಅನ್ನೋರು ಇನ್ನೊಬ್ಬರು. ಎರಡೂ ಸರಿಯಲ್ಲ. ಆಯುಕ್ತರ ಆದೇಶಕ್ಕೆ ಒಂದು ಮಿತಿ ಇದೆ. ಆ ಮಿತಿ ಗೊತ್ತಿದ್ದು, ಕೈಯಲ್ಲಿ ಗಟ್ಟಿ ದಾಖಲೆ ಇಟ್ಕೊಂಡು ಹೋದವರಿಗೆ ಕೆಲಸ ಆಗೋ ಸಾಧ್ಯತೆ ಜಾಸ್ತಿ. ಅದನ್ನೇ ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ಟೈಲರ್ ಅಕ್ಕನ ಬಾಡಿಗೆ ಕರಾರು

ಇದು ವಿಷಯ ತಿಳಿಸಲು ನಾವೇ ಕಟ್ಟಿದ ಉದಾಹರಣೆ, ಯಾವುದೋ ಒಂದು ಊರಿನ ಕಥೆ ಅಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಗಾಲಿಕುರ್ಚಿ ಬಳಸುವ ಒಬ್ಬ ಅಕ್ಕ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ ಅಂದುಕೊಳ್ಳಿ. ಶೇ 75 ಅಂತ ನಮೂದಾದ ಯುಡಿಐಡಿ ಕಾರ್ಡ್ ಇದೆ. ಅಂಗಡಿ ಮಾಲೀಕರು ಈ ಸಲ 11 ತಿಂಗಳ ಕರಾರು ಬೇಡ, ಐದು ವರ್ಷಕ್ಕೆ ಬರೆಸೋಣ ಅಂದರು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕು. ಹಾಗಾಗಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕಾಯ್ತು.

ಆಫೀಸು ಬಾಡಿಗೆ ಕಟ್ಟಡದ ಒಂದನೇ ಮಹಡಿಯಲ್ಲಿದೆ. ರಸ್ತೆಯಿಂದ ಕಟ್ಟಡದೊಳಗೆ ಬರೋಕೆ ಮೂರು ಮೆಟ್ಟಿಲು, ಪಕ್ಕದಲ್ಲಿ ಒಂದು ಸಿಮೆಂಟ್ ಇಳಿಜಾರು. ಒಳಗಿಂದ ಮೇಲಕ್ಕೆ 22 ಮೆಟ್ಟಿಲು, ಲಿಫ್ಟ್ ಇಲ್ಲ. ಕೆಳಗಿಂದ ಫೋನ್ ಮಾಡಿ ಕೇಳಿದರೆ "ಫೋಟೋ, ಹೆಬ್ಬೆಟ್ಟು ಎಲ್ಲ ಮೇಲಿರೋ ಕಂಪ್ಯೂಟರಲ್ಲೇ ಆಗಬೇಕು, ಯಾರಿಗಾದ್ರೂ ಹೇಳಿ ಎತ್ತಿಸಿಕೊಂಡು ಬನ್ನಿ" ಅನ್ನೋ ಉತ್ತರ ಬಂತು. ಕೊನೆಗೆ ಎದುರಿನ ಹೋಟೆಲಿನ ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ನೋಂದಣಿ ಆಯ್ತು.

ಇಲ್ಲೇ ಮೊದಲ ತೊಡಕು ಬರೋದು. ದೂರು ಹೋದ ಮೇಲೆ ಇಲಾಖೆಯಿಂದ ಬರುವ ಮೊದಲ ಉತ್ತರ ಸಾಮಾನ್ಯವಾಗಿ ಹೀಗಿರುತ್ತೆ: "ಸದರಿ ಅರ್ಜಿದಾರರ ಕೆಲಸ ಅದೇ ದಿನ ಮಾಡಿಕೊಡಲಾಗಿದೆ." ದೂರಿನಲ್ಲಿ ಬರೀ "ನನಗೆ ತೊಂದರೆ ಕೊಟ್ಟರು" ಅಂತ ಬರೆದಿದ್ದರೆ ಫೈಲು ಅಲ್ಲಿಗೇ ಮುಚ್ಚುತ್ತೆ. ಕೆಲಸ ಆಯ್ತೋ ಇಲ್ಲವೋ ಅನ್ನೋದು ಇಲ್ಲಿ ದೂರೇ ಅಲ್ಲ. ಬೇರೆಯವರು ತಾವೇ ನಡೆದು ಹೋಗಿ ಪಡೆಯುವ ಸೇವೆಯನ್ನು ಪಡೆಯಲು ಒಬ್ಬರು ಪರರ ಕೈಯಲ್ಲಿ ಎತ್ತಿಸಿಕೊಳ್ಳಬೇಕಾಯ್ತು, ನಾಳೆ ಬರೋರಿಗೂ ಅದೇ ಗತಿ ಅನ್ನೋದು ದೂರು. ಮೊದಲ ಸಾಲಿನಲ್ಲೇ ಇದು ಬರಬೇಕು.

ಮೊದಲು ಸರಿಯಾದ ಬಾಗಿಲು ನೋಡಿಕೊಳ್ಳಿ

ರಾಜ್ಯ ಆಯುಕ್ತರ ವ್ಯಾಪ್ತಿಗೆ ಬರೋದು ರಾಜ್ಯ ಸರ್ಕಾರಕ್ಕೆ ಸಂಬಂಧಪಟ್ಟ ವಿಷಯಗಳು. ತಾಲೂಕು ಕಚೇರಿ, ಪುರಸಭೆ, ಪಂಚಾಯಿತಿ, ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆ, ಸಬ್ ರಿಜಿಸ್ಟ್ರಾರ್ ಆಫೀಸು ಎಲ್ಲ ಇದರಲ್ಲಿ ಸೇರುತ್ತವೆ. ರಾಷ್ಟ್ರೀಕೃತ ಬ್ಯಾಂಕು, ಅಂಚೆ ಕಚೇರಿ, ರೈಲ್ವೆ, ಎಲ್‌ಐಸಿ ಇವೆಲ್ಲ ಕೇಂದ್ರದವು. ಅವುಗಳ ಮೇಲಿನ ದೂರು ದೆಹಲಿಯಲ್ಲಿರುವ ಮುಖ್ಯ ಆಯುಕ್ತರಿಗೆ ಹೋಗಬೇಕು. ಬ್ಯಾಂಕಿನ ಮೇಲಿನ ದೂರನ್ನು ಬೆಂಗಳೂರಿಗೆ ಕಳಿಸಿದರೆ ಅದು ತಿರುಗಾಡಿ ಬರೋಷ್ಟರಲ್ಲಿ ತಿಂಗಳುಗಳೇ ಹೋಗಬಹುದು.

ಯುಡಿಐಡಿ ಕಾರ್ಡಿನಲ್ಲಿ ಶೇಕಡಾವಾರು ಕಡಿಮೆ ಹಾಕಿದ್ದಾರೆ ಅನ್ನೋದು ಬೇರೆ ವಿಷಯ. ಅದಕ್ಕೆ ಕಾಯ್ದೆಯ 59ನೇ ಕಲಮಿನ ಪ್ರಕಾರ ಪ್ರತ್ಯೇಕ ಮೇಲ್ಮನವಿ ಇದೆ. ಆಗಲೇ ಕೋರ್ಟಿನಲ್ಲಿರುವ ವಿಷಯಕ್ಕೆ ಆಯುಕ್ತರು ಸಾಮಾನ್ಯವಾಗಿ ಕೈ ಹಾಕಲ್ಲ. ಅಣ್ಣತಮ್ಮಂದಿರ ಆಸ್ತಿ ಜಗಳವನ್ನು ವಿಕಲಚೇತನರು ಅನ್ನೋ ಕಾರಣಕ್ಕೆ ಇಲ್ಲಿಗೆ ತಂದರೂ ಪ್ರಯೋಜನ ಕಮ್ಮಿ.

ಇನ್ನೊಂದು ಗೊಂದಲವೂ ಇದೆ. ಪ್ರತಿ ಸರ್ಕಾರಿ ಕಚೇರಿಯಲ್ಲಿ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು, ಎರಡು ವಾರದಲ್ಲಿ ದೂರು ವಿಚಾರಿಸಬೇಕು ಅನ್ನೋ 23ನೇ ಕಲಮನ್ನು ಎಲ್ಲರೂ ಹೇಳ್ತಾರೆ. ಅದು ಇರೋದು ಉದ್ಯೋಗದಲ್ಲಿನ ತಾರತಮ್ಯಕ್ಕೆ. ಸರ್ಕಾರಿ ನೌಕರಿಯಲ್ಲಿರುವ ವಿಕಲಚೇತನರು ಮೊದಲು ಆ ಅಧಿಕಾರಿಯ ಹತ್ತಿರ ಹೋಗಬಹುದು. ಸೇವೆ ಪಡೆಯಲು ಬಂದ ನಮ್ಮ ಟೈಲರ್ ಅಕ್ಕನಿಗೆ ಆ ಕಲಮು ಅನ್ವಯಿಸಲ್ಲ. ಅವರು ಬಳಸಬೇಕಾದ್ದು ತಾರತಮ್ಯ ಮಾಡಬಾರದು ಅನ್ನುವ 3ನೇ ಕಲಮು, ಹಳೇ ಕಟ್ಟಡ ಸರಿಪಡಿಸುವ 45ನೇ ಕಲಮು, ಸೇವೆ ಕೊಡುವವರ ಹೊಣೆ ಹೇಳುವ 46ನೇ ಕಲಮು. ಆಯುಕ್ತರಿಗೆ ವಿಚಾರಣೆ ಮಾಡುವ ಅಧಿಕಾರ 80ನೇ ಕಲಮಿನಲ್ಲಿದೆ. ದೂರಿನಲ್ಲಿ ಈ ನಾಲ್ಕು ಸಂಖ್ಯೆ ಇದ್ದರೆ ಸಾಕು, ಇಡೀ ಕಾಯ್ದೆ ಬರೆದಿಡೋ ಅಗತ್ಯ ಇಲ್ಲ.

ಆಯುಕ್ತರಿಗೆ ಬರೆಯೋ ಮುಂಚೆ ಸ್ಥಳೀಯವಾಗಿ ಒಂದು ಪತ್ರ

ಮೊದಲು ಸ್ಥಳೀಯ ಅಧಿಕಾರಿಗೆ ಬರೆದಿರಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಆದರೂ ಬರೆಯಿರಿ. ವಿಚಾರಣೆ ದಿನ "ನಮ್ಮ ಗಮನಕ್ಕೇ ಬಂದಿರಲಿಲ್ಲ ಸಾರ್, ಬಂದಿದ್ರೆ ಮಾಡ್ತಿದ್ವಿ" ಅನ್ನೋ ಮಾತಿಗೆ ಆ ಪತ್ರ ಒಂದೇ ಉತ್ತರ.

ಟೈಲರ್ ಅಕ್ಕ ಸಬ್ ರಿಜಿಸ್ಟ್ರಾರ್ ಹೆಸರಿಗೆ ಒಂದು ಪುಟದ ಪತ್ರ ಬರೆದು, ಜಿಲ್ಲಾ ನೋಂದಣಾಧಿಕಾರಿಗೆ ಅದರ ಪ್ರತಿ ಕಳಿಸಬೇಕು. ಯಾವ ದಿನ ಬಂದಿದ್ದೆ, ಏನಾಯ್ತು, ಏನು ಸರಿಪಡಿಸಬೇಕು, 15 ದಿನದಲ್ಲಿ ಬರಹದಲ್ಲಿ ಉತ್ತರ ಕೊಡಿ, ಇಷ್ಟು ಸಾಕು. 15 ದಿನ ಅನ್ನೋದು ಕಾನೂನಿನ ಗಡುವಲ್ಲ, ನಾವು ಕೊಡೋ ಕಾಲಾವಕಾಶ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ವಾದಕ್ಕೆ ಇಳೀಬೇಡಿ. ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಕೊಳ್ಳಿ. ತಲುಪಿದ ಮೇಲೆ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆಸಿ ಅದರ ಜೊತೆಗೇ ಪಿನ್ ಮಾಡಿ. ಬಾಯಲ್ಲಿ ಹತ್ತು ಸಲ ಹೇಳಿದ್ದಕ್ಕಿಂತ ಈ ಒಂದು ಪತ್ರಕ್ಕೆ ಬೆಲೆ ಜಾಸ್ತಿ.

ಅದೇ ವಾರ ಒಂದು ಮಾಹಿತಿ ಹಕ್ಕು ಅರ್ಜಿಯನ್ನೂ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಚಿಕ್ಕದಾಗಿ ಕೇಳಿ: ಕಟ್ಟಡದ ಬಾಡಿಗೆ ಕರಾರಿನ ನಕಲು, ಅದು ಮುಗಿಯುವ ದಿನಾಂಕ, ವಿಕಲಚೇತನರಿಗೆ ಅನುಕೂಲ ಮಾಡುವ ಬಗ್ಗೆ ನಡೆದ ಪತ್ರವ್ಯವಹಾರದ ನಕಲು. "ಯಾಕೆ ಮಾಡಿಲ್ಲ" ಅಂತ ಪ್ರಶ್ನೆ ಕೇಳಿದರೆ ಉತ್ತರ ಸಿಗಲ್ಲ, ದಾಖಲೆ ಕೇಳಿದರೆ ಸಿಗುತ್ತೆ. ಬಾಡಿಗೆ ಕರಾರು ಇನ್ನು ನಾಲ್ಕು ತಿಂಗಳಲ್ಲಿ ಮುಗಿಯುತ್ತೆ ಅಂತ ಗೊತ್ತಾದರೆ ದೂರಿನ ದಿಕ್ಕೇ ಬದಲಾಗುತ್ತೆ. "ಕರಾರು ನವೀಕರಿಸಬೇಡಿ, ನೆಲಮಹಡಿ ಇರುವ ಕಟ್ಟಡಕ್ಕೆ ಹೋಗಿ" ಅಂತ ಕೇಳೋಕೆ ಅದಕ್ಕಿಂತ ಒಳ್ಳೇ ಸಮಯ ಇಲ್ಲ.

ಟೇಪು ಹಿಡಿದು ಅಳತೆ ತೆಗೀರಿ

ಹೆಚ್ಚಿನ ದೂರುಗಳು ಸೋಲೋದು ಇಲ್ಲೇ. "ರ‍್ಯಾಂಪ್ ಸರಿ ಇಲ್ಲ" ಅಂತ ನಾವು ಬರೀತೀವಿ, "ರ‍್ಯಾಂಪ್ ಇದೆ" ಅಂತ ಇಲಾಖೆ ಫೋಟೋ ಸಮೇತ ಉತ್ತರ ಕೊಡುತ್ತೆ. ಬೆಂಗಳೂರಲ್ಲಿ ಕೂತ ಆಯುಕ್ತರಿಗೆ ಯಾರ ಮಾತು ಸರಿ ಅಂತ ಗೊತ್ತಾಗೋದು ಹೇಗೆ? ಅಳತೆಯಿಂದ.

ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ರ‍್ಯಾಂಪಿನ ಇಳಿಜಾರು 12ಕ್ಕೆ 1 ಇರಬೇಕು. ಅಂದ್ರೆ ಒಂದು ಅಡಿ ಎತ್ತರ ಏರೋಕೆ 12 ಅಡಿ ಉದ್ದ ಬೇಕು. ಉದಾಹರಣೆಯ ಕಟ್ಟಡದಲ್ಲಿ ಮೂರು ಮೆಟ್ಟಿಲು, ಒಂದೊಂದು 15 ಸೆಂಟಿಮೀಟರ್, ಒಟ್ಟು ಎತ್ತರ 45 ಸೆಂಟಿಮೀಟರ್. ಅದನ್ನು 12ರಿಂದ ಗುಣಿಸಿದರೆ 540. ಅಂದ್ರೆ ರ‍್ಯಾಂಪ್ 5.4 ಮೀಟರ್, ಸುಮಾರು 18 ಅಡಿ ಉದ್ದ ಇರಬೇಕು. ಅಲ್ಲಿರೋದು ಐದಡಿ, ಅಂದ್ರೆ ಒಂದೂವರೆ ಮೀಟರ್. ಅದರ ಮೇಲೆ ಗಾಲಿಕುರ್ಚಿಯನ್ನು ಒಬ್ಬರೇ ಏರಿಸೋಕೆ ಆಗಲ್ಲ, ಇಳಿಯೋವಾಗ ಮುಂದಕ್ಕೆ ಮಗುಚೋ ಭಯ. ಬೈಕು ಹತ್ತಿಸೋಕೆ ಮಾಡಿದ ಇಳಿಜಾರು ಅದು, ಗಾಲಿಕುರ್ಚಿಗಲ್ಲ. ದೂರಿನಲ್ಲಿ "45 ಸೆಂ.ಮೀ. ಎತ್ತರಕ್ಕೆ 5.4 ಮೀ. ಬೇಕಿದ್ದಲ್ಲಿ 1.5 ಮೀ. ಇದೆ, ಕೈಹಿಡಿ ಇಲ್ಲ" ಅಂತ ಬರೆದರೆ ಅದನ್ನು ಬಾಯಿಮಾತಲ್ಲಿ ತಳ್ಳಿಹಾಕೋಕೆ ಆಗಲ್ಲ.

ಫೋಟೋ ತೆಗೆಯೋವಾಗಲೂ ಟೇಪು ಕಾಣಬೇಕು. ನಾಲ್ಕೈದು ಫೋಟೋ ಸಾಕು: ಕಚೇರಿಯ ಬೋರ್ಡ್ ಕಾಣೋ ಹಾಗೆ ಕಟ್ಟಡದ ಮುಂಭಾಗ, ಮೆಟ್ಟಿಲಿನ ಎತ್ತರ, ಇಳಿಜಾರಿನ ಉದ್ದ, ಒಳಗಿನ ಮೆಟ್ಟಿಲ ಸಾಲು. ಜನರ ಮುಖ, ಸಿಬ್ಬಂದಿ ಮುಖ ಬೇಡ, ಒಳಗೆ ಹೋಗಿ ವಿಡಿಯೋ ಮಾಡಿ ಜಗಳ ತೆಗೆಯೋದೂ ಬೇಡ. ಜಗಳ ಆದರೆ ಮೂಲ ವಿಷಯ ಮೂಲೆಗೆ ಹೋಗಿ "ಕರ್ತವ್ಯಕ್ಕೆ ಅಡ್ಡಿ" ಅನ್ನೋ ಮಾತು ಶುರುವಾಗುತ್ತೆ. ಮೂಲ ಫೋಟೋಗಳನ್ನು ಫೋನಿನಲ್ಲಿ ಹಾಗೇ ಉಳಿಸಿಕೊಳ್ಳಿ, ಅದರಲ್ಲಿ ತಾರೀಖು ಇರುತ್ತೆ.

ಆ ದಿನ ನೀವು ಅಲ್ಲಿಗೆ ಹೋಗಿದ್ದಿರಿ ಅನ್ನೋದಕ್ಕೆ ಕಾವೇರಿ ತಂತ್ರಾಂಶದಲ್ಲಿ ಸಮಯ ಕಾಯ್ದಿರಿಸಿದ ಪ್ರಿಂಟ್ ಅಥವಾ ನೋಂದಣಿಯಾದ ಕರಾರಿನ ಮೊದಲ ಪುಟ ಲಗತ್ತಿಸಿ. ಎತ್ತಿಕೊಂಡು ಹೋದ ಇಬ್ಬರಲ್ಲಿ ಒಬ್ಬರಾದರೂ "ಇಂಥ ದಿನ ಇಷ್ಟು ಹೊತ್ತಿಗೆ ನಾವು ಎತ್ತಿಕೊಂಡು ಹೋದೆವು" ಅಂತ ಎರಡು ಸಾಲು ಬರೆದು ಸಹಿ ಹಾಕಿಕೊಟ್ಟರೆ ಒಳ್ಳೇದು. ಯುಡಿಐಡಿ ಕಾರ್ಡಿನ ನಕಲಂತೂ ಬೇಕೇ ಬೇಕು.

ದೂರು ಬರೆಯೋ ಕ್ರಮ

ಮುಖ್ಯ ಆಯುಕ್ತರಿಗೆ ಕೊಡುವ ದೂರಿನಲ್ಲಿ ಏನೇನಿರಬೇಕು ಅಂತ 2017ರ ಕೇಂದ್ರ ನಿಯಮ ಐದು ಅಂಶ ಹೇಳುತ್ತೆ. ರಾಜ್ಯ ಆಯುಕ್ತರಿಗೆ ಬರೆಯೋವಾಗಲೂ ಅದೇ ಕ್ರಮ ಇಟ್ಟುಕೊಂಡರೆ ಏನೂ ಬಿಟ್ಟುಹೋಗಲ್ಲ. ದೂರುದಾರರ ಹೆಸರು ವಿಳಾಸ, ಯಾರ ಮೇಲೆ ದೂರೋ ಅವರ ಹುದ್ದೆ ವಿಳಾಸ, ಏನು ಯಾವಾಗ ಎಲ್ಲಿ ನಡೀತು, ಅದಕ್ಕೆ ದಾಖಲೆ, ಕೊನೆಗೆ ಏನು ಪರಿಹಾರ ಬೇಕು. ಕನ್ನಡದಲ್ಲೇ ಬರೆಯಿರಿ. ಲಾಯರ್ ಬೇಕಿಲ್ಲ, ಕೋರ್ಟ್ ಫೀ ಕಟ್ಟೋದೂ ಇಲ್ಲ. ಎದುರುದಾರರ ಜಾಗದಲ್ಲಿ ಗುಮಾಸ್ತರ ಹೆಸರು ಹಾಕಬೇಡಿ. ಕಟ್ಟಡ ಬದಲಾಯಿಸೋ ಅಧಿಕಾರ ಅವರಿಗಿಲ್ಲ. ಸಬ್ ರಿಜಿಸ್ಟ್ರಾರ್ ಮತ್ತು ಜಿಲ್ಲಾ ನೋಂದಣಾಧಿಕಾರಿ, ಇಬ್ಬರ ಹುದ್ದೆಯನ್ನೂ ಹಾಕಿ.

ಅತಿ ಮುಖ್ಯವಾದ್ದು ಕೊನೇ ಭಾಗ, ಅಂದ್ರೆ ಪರಿಹಾರ. "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ" ಅಂತ ಬರೆದರೆ "ಸೂಕ್ತ ಕ್ರಮ ಕೈಗೊಳ್ಳಿ" ಅಂತಲೇ ಆದೇಶ ಬರುತ್ತೆ, ಅದರಿಂದ ಒಂದು ಇಟ್ಟಿಗೆಯೂ ಅಲುಗಾಡಲ್ಲ. ನಮ್ಮ ಉದಾಹರಣೆಯಲ್ಲಿ ಹೀಗೆ ಬರೆಯಬಹುದು:

"1. ಮೆಟ್ಟಿಲು ಹತ್ತಲಾಗದವರ ಫೋಟೋ, ಹೆಬ್ಬೆಟ್ಟು, ಸಹಿಯನ್ನು ನೆಲಮಹಡಿಯಲ್ಲೇ ಪಡೆಯುವ ವ್ಯವಸ್ಥೆಯನ್ನು 15 ದಿನದೊಳಗೆ ಮಾಡಬೇಕು. ಕರೆಯಬೇಕಾದ ಫೋನ್ ನಂಬರನ್ನು ಕೆಳಗೆ ಬೋರ್ಡಿನಲ್ಲಿ ಹಾಕಬೇಕು.
2. ಕಟ್ಟಡದ ಪ್ರವೇಶದಲ್ಲಿ 12ಕ್ಕೆ 1 ಇಳಿಜಾರಿನ, ಎರಡೂ ಕಡೆ ಕೈಹಿಡಿ ಇರುವ ರ‍್ಯಾಂಪನ್ನು 60 ದಿನದೊಳಗೆ ಮಾಡಬೇಕು.
3. ಬಾಡಿಗೆ ಕರಾರು ಮುಗಿದಾಗ ಇದೇ ಮಹಡಿಗೆ ನವೀಕರಿಸದೆ ನೆಲಮಹಡಿ ಅಥವಾ ಲಿಫ್ಟ್ ಇರುವ ಕಟ್ಟಡಕ್ಕೆ ಕಚೇರಿಯನ್ನು ಸ್ಥಳಾಂತರಿಸಬೇಕು."

ಮೊದಲನೇದು ಇಂದೇ ಆಗೋಂಥದ್ದು, ಎರಡನೇದು ಸ್ವಲ್ಪ ದುಡ್ಡಿನ ಕೆಲಸ, ಮೂರನೇದು ಕಾಯಂ ಪರಿಹಾರ. ಮೂರನ್ನೂ ಬೇರೆ ಬೇರೆ ಕೇಳಿದರೆ "ಅನುದಾನ ಇಲ್ಲ" ಅನ್ನೋ ಉತ್ತರದಿಂದ ಮೊದಲನೇದನ್ನು ತಪ್ಪಿಸಿಕೊಳ್ಳೋಕಾಗಲ್ಲ. ಮೊದಲನೇದಕ್ಕೆ ಬೆಂಬಲವಾಗಿ ನೋಂದಣಿ ಕಾಯ್ದೆಯೇ ಇದೆ. 1908ರ ಆ ಕಾಯ್ದೆಯ 38ನೇ ಕಲಮಿನ ಪ್ರಕಾರ, ದೈಹಿಕ ಅಶಕ್ತತೆಯಿಂದ ಕಚೇರಿಗೆ ಬರೋದು ಅಪಾಯ ಅಥವಾ ತೀರಾ ಕಷ್ಟ ಅನ್ನುವವರು ಕಚೇರಿಗೆ ಬರಲೇಬೇಕೆಂದಿಲ್ಲ. ಅಧಿಕಾರಿಯೇ ಅವರಿದ್ದಲ್ಲಿಗೆ ಹೋಗಬೇಕು ಅಥವಾ ಬೇರೆಯವರನ್ನು ನೇಮಿಸಿ ಹೇಳಿಕೆ ಪಡೆಯಬೇಕು. ಮನೆವರೆಗೆ ಹೋಗೋಕೆ ಅವಕಾಶ ಇರುವಾಗ ಕೆಳಮಹಡಿವರೆಗೆ ಬರೋಕೆ ಆಗಲ್ಲ ಅನ್ನೋ ವಾದ ನಿಲ್ಲಲ್ಲ.

ಸಿಬ್ಬಂದಿ ಎಲ್ಲರೆದುರು ಅಂಗವೈಕಲ್ಯದ ಹೆಸರಿಡಿದು ಬೇಕಂತಲೇ ಅವಮಾನ ಮಾಡಿದ್ದರೆ ಅದು ಬೇರೆ ವಿಷಯ. 92ನೇ ಕಲಮಿನಲ್ಲಿ ಅದು ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ ಇದೆ. ಅದಕ್ಕೆ ಪೊಲೀಸ್ ಠಾಣೆಗೆ ಪ್ರತ್ಯೇಕ ದೂರು ಕೊಡಬೇಕು. ಕಟ್ಟಡದ ದೂರಿನ ಜೊತೆ ಕಲಸಿದರೆ ಎರಡೂ ದುರ್ಬಲ ಆಗುತ್ತವೆ.

ಬರೆಯೋಕೆ ಕಷ್ಟ ಇದ್ದವರು ತಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯು), ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂಆರ್‌ಡಬ್ಲ್ಯು) ಕೇಳಬಹುದು. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಡಿ. ಆಯುಕ್ತರು ಜಿಲ್ಲೆಗೆ ಬಂದು ಅದಾಲತ್ ನಡೆಸುವುದೂ ಉಂಟು, ಅದರ ತಾರೀಖು ಮೊದಲು ಗೊತ್ತಾಗೋದು ಆ ಕಚೇರಿಯಲ್ಲೇ.

ಆಮೇಲೆ ಏನಾಗುತ್ತೆ

ದೂರು ದಾಖಲಾದ ಮೇಲೆ ಎದುರುದಾರರಿಗೆ ನೋಟಿಸ್ ಹೋಗುತ್ತೆ. ಮುಖ್ಯ ಆಯುಕ್ತರ ನಿಯಮದಲ್ಲಿ ಉತ್ತರಕ್ಕೆ 30 ದಿನ, ಕೇಳಿಕೊಂಡರೆ ಇನ್ನೂ 15 ದಿನ ಇದೆ. ಇಲಾಖೆ ಕೊಟ್ಟ ಉತ್ತರದ ನಕಲನ್ನು ಕೇಳಿ ಪಡೆಯಿರಿ. ಅದರಲ್ಲಿ ಸುಳ್ಳು ಅಥವಾ ಅರೆಸತ್ಯ ಇದ್ದರೆ ಸಾಲು ಹಿಡಿದು ಉತ್ತರ ಬರೆಯಿರಿ.

"ಬಾಡಿಗೆ ಕಟ್ಟಡ, ನಮ್ಮ ಕೈಲಿಲ್ಲ" ಅನ್ನೋ ಉತ್ತರ ಬಂದೇ ಬರುತ್ತೆ. ಕಾಯ್ದೆ ಸಾರ್ವಜನಿಕ ಕಟ್ಟಡ ಅಂದರೆ ಏನು ಅಂತ ಹೇಳುವಾಗ ಸರ್ಕಾರಿ ಕಟ್ಟಡ ಮಾತ್ರ ಅಂತ ಹೇಳಿಲ್ಲ, ಜನ ಬಳಸುವ ಖಾಸಗಿ ಕಟ್ಟಡವನ್ನೂ ಸೇರಿಸಿದೆ. ಇದನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು. ಇನ್ನೊಂದು ಉತ್ತರ, "ಸುಪ್ರೀಂ ಕೋರ್ಟ್ ನಿಯಮವನ್ನೇ ರದ್ದು ಮಾಡಿದೆ" ಅನ್ನೋದು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅಷ್ಟೇ ಅಲ್ಲ. 15ನೇ ನಿಯಮ ಬರೀ ಸಲಹೆಯಂತಿದೆ, ಕಾಯ್ದೆ ಕೇಳೋದು ಕಡ್ಡಾಯ ಮಾನದಂಡ, ಅದನ್ನು ಮೂರು ತಿಂಗಳಲ್ಲಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಬಿಗಿ ಮಾಡಿ ಅಂದಿದ್ದೇ ಹೊರತು ಹೊಣೆ ಮನ್ನಾ ಮಾಡಲಿಲ್ಲ. 45ನೇ ಕಲಮು ಹಾಗೇ ಇದೆ.

ವಿಚಾರಣೆ ದಿನ ತಪ್ಪಿಸಬೇಡಿ. ದೂರುದಾರರು ಬರದಿದ್ದರೆ ದೂರು ವಜಾ ಆಗಬಹುದು. ಬೆಂಗಳೂರಿಗೆ ಹೋಗೋದು ಕಷ್ಟ ಆದರೆ ನಿಮ್ಮ ಪರವಾಗಿ ಒಬ್ಬರನ್ನು ಬರಹದಲ್ಲಿ ನೇಮಿಸಿ, ಇಲ್ಲವೇ ಆನ್‌ಲೈನ್ ವಿಚಾರಣೆಗೆ ಮುಂಚೆಯೇ ಮನವಿ ಕೊಡಿ. ಅಧಿಕಾರಿಗಳನ್ನು ಕರೆಸೋಕೆ, ಕಡತ ತರಿಸೋಕೆ ಆಯುಕ್ತರಿಗೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ಕಟ್ಟಡದ ಕಡತ ತರಿಸಿ ಅಂತ ನೀವೂ ಕೇಳಬಹುದು.

ಇಂಥ ದೂರುಗಳಲ್ಲಿ ನಡೆಯೋ ಒಂದು ಬೆಳವಣಿಗೆ ಬಗ್ಗೆ ಎಚ್ಚರ ಇರಲಿ. ನೋಟಿಸ್ ಬಂದ ಕೂಡಲೇ ಇಲಾಖೆಯವರು ಎರಡು ದಿನದಲ್ಲಿ ಸಿಮೆಂಟ್ ಸುರಿದು ಇಳಿಜಾರು ಮಾಡಿ, ಫೋಟೋ ತೆಗೆದು "ಸಮಸ್ಯೆ ಬಗೆಹರಿದಿದೆ" ಅಂತ ಕಳಿಸಬಹುದು. ಜೊತೆಗೆ "ತೃಪ್ತಿ ಇದೆ ಅಂತ ಒಂದು ಸಹಿ ಹಾಕಿಬಿಡಿ ಅಕ್ಕ" ಅಂತ ಯಾರಾದರೂ ಮನೆಗೇ ಬರಬಹುದು. ಹೋಗಿ ಅಳತೆ ತೆಗೆಯದೆ, ಕುರ್ಚಿ ಹತ್ತಿಸಿ ನೋಡದೆ ಸಹಿ ಹಾಕಬೇಡಿ. ಹಾಕಿದರೆ ಫೈಲು ಮುಚ್ಚಿತು ಅಂತಲೇ ಅರ್ಥ. ಅಳತೆ ಸರಿ ಇದ್ದರೂ ಅದು ಮೂರು ಬೇಡಿಕೆಯಲ್ಲಿ ಒಂದು ಮಾತ್ರ ಅಂತ ಬರೆದುಕೊಡಿ.

ಎಷ್ಟು ನಿರೀಕ್ಷೆ ಇಟ್ಕೋಬೇಕು

ಇನ್ನು ಮೊದಲು ಹೇಳಿದ ಮಿತಿ. ಆಯುಕ್ತರು ಕೊಡೋದು ಶಿಫಾರಸು. ಕಾಯ್ದೆಯ 81ನೇ ಕಲಮಿನ ಪ್ರಕಾರ ಆ ಶಿಫಾರಸಿನ ಮೇಲೆ ಇಲಾಖೆ ಕ್ರಮ ತೆಗೆದುಕೊಂಡು ಮೂರು ತಿಂಗಳಲ್ಲಿ ವರದಿ ಕೊಡಬೇಕು. ಒಪ್ಪಲ್ಲ ಅಂದರೆ ಯಾಕೆ ಒಪ್ಪಲ್ಲ ಅಂತ ಅದೇ ಮೂರು ತಿಂಗಳಲ್ಲಿ ಆಯುಕ್ತರಿಗೂ ದೂರುದಾರರಿಗೂ ಕಾರಣ ತಿಳಿಸಬೇಕು. ಅಂದ್ರೆ ಸುಮ್ಮನೆ ಕೂರೋ ಹಾಗಿಲ್ಲ, ಆದರೆ ಕಾರಣ ಕೊಟ್ಟು ಒಪ್ಪದೇ ಇರಬಹುದು. ಕೋರ್ಟಿನ ಥರ ತಡೆಯಾಜ್ಞೆ ಕೊಡೋ ಅಧಿಕಾರವೂ ಆಯುಕ್ತರಿಗಿಲ್ಲ. ಹಳೇ ಕಾಯ್ದೆಯ ಕಾಲದಲ್ಲೇ, 2010ರಲ್ಲಿ, ಸುಪ್ರೀಂ ಕೋರ್ಟ್ ಬ್ಯಾಂಕೊಂದರ ಪ್ರಕರಣದಲ್ಲಿ ಇದನ್ನು ಹೇಳಿದೆ.

ಹಾಗಾಗಿ ಅಧಿಕಾರಿ ಸಸ್ಪೆಂಡ್ ಆಗೋದು, ಲಕ್ಷ ರೂಪಾಯಿ ಪರಿಹಾರ ಬರೋದು ಇಂಥವನ್ನು ಮನಸ್ಸಿಂದ ತೆಗೆದುಬಿಡಿ. ಕಾಯ್ದೆ ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಅಂತ 89ನೇ ಕಲಮಿನಲ್ಲಿದೆ ನಿಜ. ಅದನ್ನು ಹಾಕಬೇಕಾದ್ದು ನ್ಯಾಯಾಲಯ, ಆಯುಕ್ತರಲ್ಲ.

ನಮ್ಮ ಟೈಲರ್ ಅಕ್ಕನ ಮೂರು ಬೇಡಿಕೆ ತಗೊಳ್ಳಿ. ಕೆಳಮಹಡಿಯಲ್ಲಿ ಸೇವೆ ಕೊಡೋದು ನೋಟಿಸ್ ಹಂತದಲ್ಲೇ ಆಗಿಬಿಡಬಹುದು, ಯಾಕಂದ್ರೆ ಅದಕ್ಕೆ ದುಡ್ಡೂ ಬೇಡ, ಮೇಲಿನವರ ಮಂಜೂರಾತಿಯೂ ಹೆಚ್ಚು ಬೇಡ. ರ‍್ಯಾಂಪ್ ಆಗೋ ಸಾಧ್ಯತೆ ಇದೆ, ಸರಿಯಾದ ಅಳತೆಯಲ್ಲಿ ಆಗಬೇಕಾದರೆ ಬೆನ್ನು ಬೀಳಬೇಕು. ರಸ್ತೆ ಬದಿ 18 ಅಡಿ ಜಾಗವೇ ಇಲ್ಲ ಅಂತಾದರೆ ತಿರುವು ಕೊಟ್ಟು ಮಾಡಬೇಕಾಗುತ್ತೆ, ಅದಕ್ಕೂ ಜಾಗ ಇಲ್ಲದಿದ್ದರೆ ಆ ಕಟ್ಟಡವೇ ಯೋಗ್ಯವಲ್ಲ ಅನ್ನೋದು ಮೂರನೇ ಬೇಡಿಕೆಗೆ ಬಲ. ಸ್ಥಳಾಂತರ ಅನ್ನೋದು ಬಾಡಿಗೆ ಕರಾರು ಮುಗಿಯೋವರೆಗೆ ಆಗೋದು ಕಷ್ಟ, ಆದರೆ ಶಿಫಾರಸು ಕಡತದಲ್ಲಿ ಕೂತಿದ್ದರೆ ನವೀಕರಣದ ಹೊತ್ತಿಗೆ ಅದನ್ನು ದಾಟಿ ಸಹಿ ಹಾಕೋಕೆ ಅಧಿಕಾರಿ ಹಿಂಜರೀತಾರೆ.

ಸಮಯದ ಲೆಕ್ಕವೂ ಇರಲಿ. ಸ್ಥಳೀಯ ಪತ್ರ, ಮಾಹಿತಿ ಹಕ್ಕಿಗೆ ಒಂದು ತಿಂಗಳು, ನೋಟಿಸ್, ವಿಚಾರಣೆ, ಆದೇಶಕ್ಕೆ ಮೂರು ನಾಲ್ಕು ತಿಂಗಳು, ಆಮೇಲೆ ವರದಿಗೆ ಮೂರು ತಿಂಗಳು. ಎಲ್ಲ ಸುಗಮವಾಗಿ ನಡೆದರೂ ಏಳೆಂಟು ತಿಂಗಳಾಯ್ತು. ಮುಂದೂಡಿಕೆ ಬಂದರೆ ವರ್ಷ ದಾಟುತ್ತೆ.

ಮೂರು ತಿಂಗಳಾದರೂ ವರದಿ ಬರದಿದ್ದರೆ ಆಯುಕ್ತರಿಗೆ ನೆನಪೋಲೆ ಬರೆಯಿರಿ, "ಶಿಫಾರಸಿನ ಮೇಲೆ ಕೈಗೊಂಡ ಕ್ರಮದ ವರದಿ ನಕಲು ಕೊಡಿ" ಅಂತ ಇಲಾಖೆಗೆ ಮತ್ತೊಂದು ಮಾಹಿತಿ ಹಕ್ಕು ಅರ್ಜಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಉಳಿಯೋದು ಹೈಕೋರ್ಟಿನ ರಿಟ್ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ ಮೂರು ಕಡೆ ಪೀಠ ಇದೆ. ಲಾಯರ್ ಫೀಸಿಗೆ ಹೆದರಬೇಕಿಲ್ಲ. ವಿಕಲಚೇತನರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ, ನಮ್ಮ ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲೇ ಅರ್ಜಿ ಕೊಡಬಹುದು. ಆಯುಕ್ತರ ಶಿಫಾರಸು ಕೈಯಲ್ಲಿದ್ದರೆ ಹೈಕೋರ್ಟಿನಲ್ಲಿ ಅರ್ಧ ಕೆಲಸ ಆದಂತೆ. ಹಕ್ಕಿಗೆ ಧಕ್ಕೆ ಆಗಿದೆ ಅಂತ ಒಬ್ಬ ಅಧಿಕಾರಿ ವಿಚಾರಣೆ ಮಾಡಿ ಹೇಳಿದ ದಾಖಲೆ ಅದು.

ಅಂಗಡಿಯವರಿಗೂ ಇದು ಸಂಬಂಧಿಸಿದೆ

ಸಾರ್ವಜನಿಕ ಕಟ್ಟಡ ಅನ್ನೋದರಲ್ಲಿ ವ್ಯಾಪಾರ ನಡೆಯೋ ಖಾಸಗಿ ಕಟ್ಟಡವೂ ಸೇರುತ್ತೆ ಅಂದೆವಲ್ಲ, ಅಂದ್ರೆ ಕಾಂಪ್ಲೆಕ್ಸು, ಮೆಡಿಕಲ್ ಶಾಪು, ಹೋಟೆಲು, ಛತ್ರ ಇವುಗಳ ಮೇಲೂ ದೂರು ಬರಬಹುದು. 46ನೇ ಕಲಮು ಸರ್ಕಾರಿ, ಖಾಸಗಿ ಅಂತ ಭೇದ ಮಾಡಿಲ್ಲ. ನೋಟಿಸ್ ಬಂದರೆ ಹೆದರಿ ಮಡಚಿಡಬೇಡಿ. ಉತ್ತರ ಕೊಡದಿದ್ದರೆ ನಿಮ್ಮ ಮಾತು ಕೇಳದೇ ತೀರ್ಮಾನ ಆಗುತ್ತೆ. ಏನು ಮಾಡ್ತೀರಿ, ಎಷ್ಟು ದಿನದಲ್ಲಿ ಅಂತ ಬರೆಯಿರಿ. ಒಂದೇ ಮೆಟ್ಟಿಲು, 15 ಸೆಂಟಿಮೀಟರ್ ಇದ್ದರೆ ಬೇಕಾದ ಇಳಿಜಾರು 1.8 ಮೀಟರ್, ಅಂದ್ರೆ ಆರಡಿ. ಬೇಕಾದಾಗ ಹಾಕಿ ತೆಗೆಯೋ ಗಟ್ಟಿ ಹಲಗೆಯೋ ತಗಡೋ ಸಾಕಾಗಬಹುದು. ಚರಂಡಿ ಮೇಲೆ, ಫುಟ್‌ಪಾತ್ ಮೇಲೆ ಸಿಮೆಂಟ್ ಹಾಕೋ ಮುಂಚೆ ಪುರಸಭೆಯನ್ನು ಕೇಳಿ, ಇಲ್ಲಾಂದ್ರೆ ಒತ್ತುವರಿ ಅಂತ ಇನ್ನೊಂದು ನೋಟಿಸ್ ಬರುತ್ತೆ. ಹೊಸದಾಗಿ ಕಾಂಪ್ಲೆಕ್ಸ್ ಕಟ್ಟಿಸೋರು ನಕ್ಷೆಯಲ್ಲೇ ರ‍್ಯಾಂಪಿಗೆ ಜಾಗ ಬಿಡಿ. ಈ ನಿಯಮ ಪಾಲಿಸದ ಕಟ್ಟಡಕ್ಕೆ ಅನುಮತಿಯನ್ನೇ ಕೊಡಬಾರದು, ಕಟ್ಟಿ ಮುಗಿದ ಮೇಲೆ ಪೂರ್ಣಗೊಂಡ ಪ್ರಮಾಣಪತ್ರವನ್ನೂ ಕೊಡಬಾರದು ಅಂತ 44ನೇ ಕಲಮು ಹೇಳುತ್ತೆ.

ದೂರು ಕೊಡೋರು ಒಂದು ಫೈಲು ಮಾಡಿ ಎಲ್ಲದರ ಎರಡೆರಡು ಪ್ರತಿ ತಾರೀಖಿನ ಕ್ರಮದಲ್ಲಿ ಇಟ್ಕೊಳ್ಳಿ: ಯುಡಿಐಡಿ ನಕಲು, ಹೋದ ದಿನದ ಪುರಾವೆ, ಅಳತೆ ಮತ್ತು ಫೋಟೋ, ಸಾಕ್ಷಿಯ ಸಹಿ, ಸ್ಥಳೀಯ ಪತ್ರ ಮತ್ತು ಅದರ ಸ್ವೀಕೃತಿ, ಮಾಹಿತಿ ಹಕ್ಕಿನ ಉತ್ತರ, ಆಯುಕ್ತರಿಗೆ ಕೊಟ್ಟ ದೂರು, ದೂರಿನ ಸಂಖ್ಯೆ. ಮೂಲ ಪ್ರತಿ ಯಾರಿಗೂ ಕೊಡಬೇಡಿ. ವಿಚಾರಣೆ ದಿನ ಇಲಾಖೆ ಕಡೆಯಿಂದ ಬರೋ ಅಧಿಕಾರಿ ಅಷ್ಟರಲ್ಲಿ ವರ್ಗಾವಣೆಯಾಗಿ ಹೊಸಬರು ಬಂದಿರಬಹುದು, ಅವರಿಗೆ ಏನೂ ಗೊತ್ತಿರಲ್ಲ. ಆ ಕೋಣೆಯಲ್ಲಿ ಪೂರ್ತಿ ಕಡತ ಇರೋದು ನಿಮ್ಮ ಕೈಯಲ್ಲಿ ಮಾತ್ರ ಆಗಿರುತ್ತೆ.